ವಿಮಾನ ಟಿಕೆಟ್‌ಗೆ ಹಣ ಕಟ್ಟುವ ಮುನ್ನ: ನಕಲಿ ಸೈಟ್, ನಕಲಿ ಕಸ್ಟಮರ್ ಕೇರ್ ನಂಬರ್ ಗುರುತಿಸುವುದು ಹೇಗೆ?

ರಜೆ ಹತ್ತಿರ ಬಂತೆಂದರೆ ಓದುಗರಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. "ಈ ಸೈಟಲ್ಲಿ ಟಿಕೆಟ್ ತುಂಬಾ ಕಡಿಮೆಗೆ ಸಿಗ್ತಿದೆ, ನಂಬಬಹುದಾ?" ಅನ್ನುವುದು ಒಂದು. "ಗೂಗಲ್‌ನಲ್ಲಿ ಈ ಕಸ್ಟಮರ್ ಕೇರ್ ನಂಬರ್ ಸಿಕ್ತು, ಇದು ಅಸಲಿನಾ?" ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ನೀವೇ ಕಂಡುಕೊಳ್ಳಬಹುದು. ಅದಕ್ಕೆ ಬೇಕಾದ್ದು ನಿಮ್ಮ ಫೋನ್, ಅದರಲ್ಲಿರುವ ಬ್ರೌಸರ್ ಮತ್ತು ಹತ್ತು ನಿಮಿಷದ ತಾಳ್ಮೆ. ಟಿಕೆಟ್ ಆಗಲೇ ಬುಕ್ ಆಗಿದ್ದರೆ ಪಿಎನ್‌ಆರ್ ಸಂಖ್ಯೆಯನ್ನೂ ಕೈಯಲ್ಲಿಟ್ಟುಕೊಳ್ಳಿ. ಪಿಎನ್‌ಆರ್ ಅಂದರೆ ನಿಮ್ಮ ಬುಕಿಂಗ್‌ನ ಗುರುತಿನ ಸಂಖ್ಯೆ. ಅಕ್ಷರ, ಅಂಕಿ ಸೇರಿ ಆರು ಇರುತ್ತವೆ.

ಈ ಲೇಖನದಲ್ಲಿ ಯಾವ ವಿಮಾನ ಸಂಸ್ಥೆಯ ಫೋನ್ ನಂಬರನ್ನೂ ಕೊಟ್ಟಿಲ್ಲ. ಬೇಕೆಂದೇ ಕೊಟ್ಟಿಲ್ಲ. ಲೇಖನದಲ್ಲಿ ಓದಿದ ನಂಬರ್, ವಾಟ್ಸಾಪ್‌ನಲ್ಲಿ ಬಂದ ನಂಬರ್, ಹುಡುಕಿದಾಗ ಸಿಕ್ಕ ನಂಬರ್, ಇವು ಮೂರನ್ನೂ ನಂಬದಿರುವ ಅಭ್ಯಾಸ ಆಗಬೇಕು.

1. ಹುಡುಕಬೇಡಿ, ವಿಳಾಸ ಟೈಪ್ ಮಾಡಿ

ನಾವು ಸಾಮಾನ್ಯವಾಗಿ ಗೂಗಲ್‌ನಲ್ಲಿ ವಿಮಾನ ಸಂಸ್ಥೆಯ ಹೆಸರು ಬರೆದು, ಮೊದಲು ಕಂಡದ್ದನ್ನು ಒತ್ತುತ್ತೇವೆ. ಆ ಮೊದಲ ಒಂದೆರಡು ಜಾಗ ಬಹಳ ಸಲ ಜಾಹೀರಾತಿನದು. ಅದರ ಮೇಲೆ ಸಣ್ಣ ಅಕ್ಷರದಲ್ಲಿ `Sponsored` ಅಥವಾ "ಪ್ರಾಯೋಜಿತ" ಎಂದು ಇರುತ್ತದೆ. ಹಣ ಕೊಟ್ಟವರಿಗೆ ಆ ಜಾಗ ಸಿಗುತ್ತದೆ. ಗೂಗಲ್ ಜಾಹೀರಾತುದಾರರನ್ನು ಪರಿಶೀಲಿಸುತ್ತದೆ, ಆದರೂ ಮೋಸಗಾರರು ಆಗಾಗ ನುಸುಳುತ್ತಾರೆ. ಹಾಗಾಗಿ ಹಣದ ವ್ಯವಹಾರ ಇರುವಾಗ ಹುಡುಕಾಟದ ದಾರಿಯನ್ನೇ ಬಿಟ್ಟುಬಿಡಿ. ಮೇಲಿನ ವಿಳಾಸದ ಪಟ್ಟಿಯಲ್ಲಿ ನೀವೇ ಟೈಪ್ ಮಾಡಿ. ನಮ್ಮ ಕಡೆಯವರು ಹೆಚ್ಚಾಗಿ ಬಳಸುವ ಸಂಸ್ಥೆಗಳ ವಿಳಾಸಗಳು ಇವು:

```
ಇಂಡಿಗೋ                    goindigo.in
ಏರ್ ಇಂಡಿಯಾ                airindia.com
ಏರ್ ಇಂಡಿಯಾ ಎಕ್ಸ್‌ಪ್ರೆಸ್      airindiaexpress.com
ಆಕಾಸಾ ಏರ್                 akasaair.com
ಸ್ಪೈಸ್‌ಜೆಟ್                  spicejet.com
ಸ್ಟಾರ್ ಏರ್                  starair.in
```

ಒಮ್ಮೆ ಸರಿಯಾಗಿ ತೆರೆದ ಮೇಲೆ ಬುಕ್‌ಮಾರ್ಕ್ ಮಾಡಿಡಿ. ಮನೆಯ ಹಿರಿಯರ ಫೋನಿನಲ್ಲೂ ಇದೇ ಮಾಡಿಕೊಡಿ. ಆಪ್ ಬೇಕೆಂದರೆ ಸಂಸ್ಥೆಯ ಸೈಟಿನಲ್ಲಿರುವ ಕೊಂಡಿಯಿಂದಲೇ ಪ್ಲೇ ಸ್ಟೋರ್‌ಗೆ ಹೋಗಿ. ಸ್ಟೋರ್‌ನಲ್ಲಿ ಹೆಸರು ಹುಡುಕಿದರೆ ಅದೇ ಬಣ್ಣದ, ಅದೇ ಥರದ ಚಿತ್ರದ ಬೇರೆ ಆಪ್ ಸಿಗುವ ಸಾಧ್ಯತೆ ಇರುತ್ತದೆ.

2. ವಿಳಾಸವನ್ನು ಬಲದಿಂದ ಎಡಕ್ಕೆ ಓದಿ

ಯಾರೋ ಕಳಿಸಿದ ಲಿಂಕ್ ಒತ್ತಿದ್ದೀರಿ ಅಂದುಕೊಳ್ಳಿ. ಪುಟ ತೆರೆದಿದೆ. ಲೋಗೋ, ಬಣ್ಣ, ಊರುಗಳ ಪಟ್ಟಿ ಎಲ್ಲವೂ ಅಸಲಿ ಸೈಟಿನ ಹಾಗೇ ಇದೆ. ಇವನ್ನೆಲ್ಲ ಕದಿಯುವುದು ಬಹಳ ಸುಲಭ. ಆದರೆ ಒಂದನ್ನು ಮಾತ್ರ ಕದಿಯಲು ಆಗುವುದಿಲ್ಲ, ಅದು ವಿಳಾಸ. ನೋಡಬೇಕಾದ್ದೂ ಅದನ್ನೇ.

ಮೊಬೈಲ್‌ನಲ್ಲಿ ಉದ್ದದ ವಿಳಾಸ ಪೂರ್ತಿ ಕಾಣುವುದಿಲ್ಲ. ಮೇಲಿನ ಪಟ್ಟಿಯನ್ನು ಒಮ್ಮೆ ಒತ್ತಿ, ಪೂರ್ತಿ ಬಿಡಿಸಿ ನೋಡಿ. ಈಗ `https://` ಬಿಟ್ಟು, ಅದರ ನಂತರ ಬರುವ ಮೊದಲ ಓರೆಗೆರೆ ಎಲ್ಲಿದೆ ಹುಡುಕಿ. ಆ ಗೆರೆಯ ಎಡಕ್ಕೆ, ಅದಕ್ಕೆ ತಾಗಿಕೊಂಡಿರುವ ಕೊನೆಯ ಎರಡು ತುಂಡುಗಳೇ ಸೈಟಿನ ನಿಜವಾದ ಮಾಲೀಕರ ಹೆಸರು. ಅಂಚೆ ವಿಳಾಸದಲ್ಲಿ ಊರಿನ ಹೆಸರು ಕೊನೆಗೆ ಬರುವ ಹಾಗೆ, ಇಲ್ಲೂ ಮುಖ್ಯವಾದದ್ದು ಕೊನೆಗೇ ಇರುತ್ತದೆ. ಈ ಮೂರನ್ನು ನೋಡಿ:

```
https://www.goindigo.in/contact-us.html
https://goindigo.in.example.com/refund
https://example.com/goindigo.in
```

ಮೊದಲನೆಯದರಲ್ಲಿ ಗೆರೆಗೆ ತಾಗಿ `goindigo.in` ಇದೆ. ಇದು ಸರಿ. ಎರಡನೆಯದರಲ್ಲಿ ಇಂಡಿಗೋ ಹೆಸರು ಮೊದಲೇ ಕಾಣುತ್ತದೆ, ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಗೆರೆಗೆ ತಾಗಿರುವುದು `example.com`. ಅಂದರೆ ಸೈಟ್ ಅವರದು. ಮೂರನೆಯದರಲ್ಲೂ ಅಷ್ಟೇ, ಗೆರೆಯ ಬಲಕ್ಕೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. (`example.com` ಅನ್ನುವುದು ಉದಾಹರಣೆ ಕೊಡಲೆಂದೇ ಮೀಸಲಿಟ್ಟ ವಿಳಾಸ. ಮೋಸಗಾರರು ಆ ಜಾಗದಲ್ಲಿ ತಮ್ಮದನ್ನು ಹಾಕುತ್ತಾರೆ.)

ಕೊನೆಗೆ `.co.in` ಇದ್ದರೆ ಎರಡಲ್ಲ, ಮೂರು ತುಂಡು ಓದಬೇಕು. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ಸಿಗುವ ಅಧಿಕೃತ ಸೈಟ್ `heliyatra.irctc.co.in`. ಇಲ್ಲಿ ಮಾಲೀಕರ ಹೆಸರು `irctc.co.in`, ಅದರ ಎಡಕ್ಕಿರುವ `heliyatra` ಅವರದೇ ಒಂದು ವಿಭಾಗ. ಈ ಟಿಕೆಟ್‌ಗಳ ಹೆಸರಿನಲ್ಲಿ ನಕಲಿ ಸೈಟ್, ಫೇಸ್‌ಬುಕ್ ಪುಟ, ಗೂಗಲ್ ಜಾಹೀರಾತುಗಳು ಎಷ್ಟು ಹೆಚ್ಚಾದವೆಂದರೆ, ಗೃಹ ಸಚಿವಾಲಯದ ಸೈಬರ್ ಅಪರಾಧ ಕೇಂದ್ರವೇ 2025ರ ಏಪ್ರಿಲ್‌ನಲ್ಲಿ ಯಾತ್ರಿಕರಿಗೆ ಎಚ್ಚರಿಕೆ ಕೊಟ್ಟಿತು. ಚಾರ್‌ಧಾಮ್‌ಗೆ ಹೊರಡುವವರು ಮನೆಯಲ್ಲಿದ್ದರೆ ಈ ವಿಳಾಸವನ್ನು ಬರೆದುಕೊಡಿ.

ಹೆಸರಿನ ಒಳಗೆ ಅಡ್ಡಗೆರೆ ಹಾಕಿ `support`, `refund`, `helpdesk` ಎಂದು ಸೇರಿಸಿದ್ದರೂ ಅದು ಬೇರೆಯೇ ಸೈಟ್. `m` ಇರಬೇಕಾದ ಕಡೆ `rn`, `l` ಇರಬೇಕಾದ ಕಡೆ `1` ಹಾಕುವವರೂ ಇದ್ದಾರೆ. ಸಣ್ಣ ಪರದೆಯಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಅದಕ್ಕೇ ಲಿಂಕ್ ಬಿಟ್ಟು ಟೈಪ್ ಮಾಡಿ ಎಂದು ಹೇಳಿದ್ದು.

ಇನ್ನು ಬೀಗದ ಗುರುತು. "ಬೀಗ ಇತ್ತಲ್ಲ ಸರ್, ಸೇಫ್ ಅಂದ್ಕೊಂಡೆ" ಎಂದು ಬಹಳ ಜನ ಹೇಳುತ್ತಾರೆ. ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಓಡಾಡುವ ಮಾಹಿತಿಯನ್ನು ಬೇರೆಯವರು ಓದಲಾರರು ಎಂದಷ್ಟೇ ಅದರ ಅರ್ಥ. ಆಚೆ ಕೂತವನು ಒಳ್ಳೆಯವನೋ ಕಳ್ಳನೋ ಅದು ಹೇಳುವುದಿಲ್ಲ. ಬೀಗ ಕೊಡುವ ಪ್ರಮಾಣಪತ್ರ ಇವತ್ತು ಪುಕ್ಕಟೆ ಸಿಗುತ್ತದೆ. ನಕಲಿ ಸೈಟುಗಳಲ್ಲೂ ಅದು ಇರುತ್ತದೆ.

3. ಹೆಸರು ಕೇಳಿರದ ಸೈಟಾದರೆ ವಯಸ್ಸು ನೋಡಿ, ದರ ಹೋಲಿಸಿ

ವಿಮಾನ ಸಂಸ್ಥೆಯದಲ್ಲದ, ಏಜೆಂಟರ ಸೈಟುಗಳೂ ಬಹಳ ಇವೆ. ಅವುಗಳಲ್ಲಿ ಪ್ರಾಮಾಣಿಕರೂ ಇದ್ದಾರೆ. ಗೊತ್ತಿಲ್ಲದ ಹೆಸರು ಕಂಡರೆ ಎರಡು ಪರೀಕ್ಷೆ ಮಾಡಿ.

ಮೊದಲು, ಆ ವಿಳಾಸ ನೋಂದಣಿ ಆದದ್ದು ಯಾವಾಗ ನೋಡಿ. `lookup.icann.org` ತೆರೆದು ಸೈಟಿನ ವಿಳಾಸ ಹಾಕಿದರೆ `Created` ಎಂಬುದರ ಎದುರು ದಿನಾಂಕ ಬರುತ್ತದೆ. `.in` ಎಂದು ಮುಗಿಯುವ ವಿಳಾಸಗಳಿಗೆ `registry.in` ನೋಡಿ. ಪುಟದಲ್ಲಿ "ಹದಿನೈದು ವರ್ಷದ ಸೇವೆ" ಎಂದು ಬರೆದುಕೊಂಡು, ವಿಳಾಸ ಹುಟ್ಟಿ ಎರಡು ತಿಂಗಳಾಗಿದ್ದರೆ ಅಲ್ಲಿಗೆ ವಿಷಯ ಮುಗಿಯಿತು. ಆದರೆ ಹಳೆಯ ವಿಳಾಸ ಅಂದಮಾತ್ರಕ್ಕೆ ಒಳ್ಳೆಯದು ಎಂದಲ್ಲ. ಹಳೆಯ ವಿಳಾಸಗಳೂ ಮಾರಾಟಕ್ಕೆ ಸಿಗುತ್ತವೆ.

ಎರಡನೆಯದು ದರ. ಅದೇ ದಿನ, ಅದೇ ವಿಮಾನದ ದರವನ್ನು ಸಂಸ್ಥೆಯ ಸ್ವಂತ ಸೈಟಿನಲ್ಲಿ ನೋಡಿ. ದರ ನಿಗದಿ ಮಾಡುವುದು ವಿಮಾನ ಸಂಸ್ಥೆ. ಏಜೆಂಟ್ ಬಿಡಬಹುದಾದ್ದು ತನ್ನ ಶುಲ್ಕ, ತನ್ನ ಕಮಿಷನ್‌ನಲ್ಲಿ ಒಂದಷ್ಟು, ಇಲ್ಲವೇ ಬ್ಯಾಂಕ್ ಕಾರ್ಡಿನ ಆಫರ್. ಇದರಿಂದ ಕೆಲವು ನೂರು ರೂಪಾಯಿ ಕಡಿಮೆಯಾದೀತು, ದೊಡ್ಡ ಆಫರ್ ಇದ್ದರೆ ಇನ್ನೂ ಸ್ವಲ್ಪ. ಸಂಸ್ಥೆಯಲ್ಲಿ 8,000 ರೂಪಾಯಿ ಇರುವ ಸೀಟನ್ನು ಯಾರೋ 4,500ಕ್ಕೆ ಕೊಡುತ್ತೇನೆ ಅಂದರೆ ಉಳಿದ 3,500 ಯಾರು ಕಟ್ಟುತ್ತಾರೆ ಎಂದು ಕೇಳಿಕೊಳ್ಳಿ. ಕೆಲವು ಸಲ ಟಿಕೆಟ್ ನಿಜಕ್ಕೂ ಬರುತ್ತದೆ. ಅದನ್ನು ಬೇರೆ ಯಾರದೋ ಕದ್ದ ಕಾರ್ಡಿನಲ್ಲಿ ಬುಕ್ ಮಾಡಿರುತ್ತಾರೆ. ಕಾರ್ಡಿನ ಮಾಲೀಕರು ದೂರು ಕೊಟ್ಟ ಮೇಲೆ ಟಿಕೆಟ್ ರದ್ದಾಗುತ್ತದೆ, ನಿಮಗೆ ಗೊತ್ತಾಗುವುದು ವಿಮಾನ ನಿಲ್ದಾಣದಲ್ಲಿ.

ಸೈಟಿನಲ್ಲಿ ಬುಕಿಂಗ್ ಮುಗಿಸಲು ಬಿಡದೆ, "ಈ ದರಕ್ಕೆ ಕರೆ ಮಾಡಿ" ಎಂದು ಒಂದು ನಂಬರಿಗೆ ತಳ್ಳಿದರೆ ಅಲ್ಲಿಂದ ಹೊರಬನ್ನಿ.

4. ಕಸ್ಟಮರ್ ಕೇರ್ ನಂಬರ್ ಎಲ್ಲಿಂದ ತೆಗೆದುಕೊಳ್ಳಬೇಕು

ಹೆಚ್ಚು ಹಣ ಹೋಗುತ್ತಿರುವುದು ಇಲ್ಲೇ. ಯಾಕೆಂದರೆ ಕರೆ ಮಾಡುವವರು ನೀವೇ. ತಾನಾಗಿ ಬಂದ ಕರೆಯ ಮೇಲೆ ನಮಗೆ ಅನುಮಾನ ಇರುತ್ತದೆ, ನಾವೇ ಹುಡುಕಿ ಮಾಡಿದ ಕರೆಯ ಮೇಲೆ ಇರುವುದಿಲ್ಲ.

ಸುಳ್ಳು ನಂಬರ್ ಗೂಗಲ್‌ನಲ್ಲಿ ಬರುವುದಾದರೂ ಹೇಗೆ? ಒಂದು ದಾರಿ ಜಾಹೀರಾತು. ಇನ್ನೊಂದು ಮ್ಯಾಪ್. ಅಲ್ಲಿರುವ ಕಚೇರಿ, ಅಂಗಡಿಗಳ ಮಾಹಿತಿ ತಪ್ಪಿದ್ದರೆ ತಿದ್ದಲು ಸಾಮಾನ್ಯ ಬಳಕೆದಾರರಿಗೂ ಅವಕಾಶ ಇದೆ. ಅದನ್ನೇ ಬಳಸಿ ಫೋನ್ ನಂಬರ್ ಬದಲಾಯಿಸಿದವರಿದ್ದಾರೆ. ಮೂರನೆಯ ದಾರಿ ಇನ್ನೂ ಚಾಲಾಕಿನದು. ಯಾರು ಬೇಕಾದರೂ ಬರೆಯಬಹುದಾದ ಪ್ರಶ್ನೋತ್ತರ ಪುಟಗಳು, ವಿಮರ್ಶೆ ಪುಟಗಳು, ಅಪ್‌ಲೋಡ್ ಮಾಡಿದ ಪಿಡಿಎಫ್ ಕಡತಗಳಲ್ಲಿ ಅದೇ ನಂಬರನ್ನು ನೂರಾರು ಸಲ ಹರಡುತ್ತಾರೆ. "ನಾಲ್ಕು ಕಡೆ ಇದೇ ನಂಬರ್ ಇತ್ತು" ಎಂಬುದು ಹಾಗಾಗಿ ಸಾಕ್ಷಿಯಾಗುವುದಿಲ್ಲ. ನಾಲ್ಕೂ ಕಡೆ ಬರೆದವನು ಒಬ್ಬನೇ ಇರಬಹುದು, ಅಲ್ವಾ?

1800 ಎಂದು ಶುರುವಾಗುವ ನಂಬರ್ ಸರ್ಕಾರದ್ದೋ ದೊಡ್ಡ ಕಂಪನಿಯದೋ ಎಂಬ ನಂಬಿಕೆಯೂ ಇದೆ. ಅದು ಯಾವ ವ್ಯಾಪಾರಿಯಾದರೂ ಹಣ ಕೊಟ್ಟು ಪಡೆಯಬಹುದಾದ ಉಚಿತ ಕರೆಯ ನಂಬರ್ ಅಷ್ಟೇ. ಟ್ರೂಕಾಲರ್‌ನಂಥ ಆಪ್‌ನಲ್ಲಿ ಕಾಣುವ ಹೆಸರೂ ಬಳಕೆದಾರರು ಕೊಟ್ಟ ಮಾಹಿತಿಯಿಂದ ಬಂದಿರಬಹುದು.

ಸರಿಯಾದ ದಾರಿ ಒಂದೇ. ಮೊದಲ ಹಂತದಲ್ಲಿ ಹೇಳಿದ ಹಾಗೆ ವಿಳಾಸ ಟೈಪ್ ಮಾಡಿ ಸೈಟ್ ತೆರೆಯಿರಿ. ಪುಟದ ಕೆಳತುದಿಗೆ ಹೋಗಿ `Contact Us` ಒತ್ತಿ. ನಂಬರ್ ಅಲ್ಲಿಂದ ತೆಗೆದುಕೊಳ್ಳಿ. ಆಪ್ ಇದ್ದರೆ ಅದರ ಸಹಾಯ ವಿಭಾಗದಲ್ಲೂ ಸಿಗುತ್ತದೆ.

ಕರೆ ಮಾಡುವ ಮುನ್ನ ಇನ್ನೊಂದು ಯೋಚಿಸಿ: ಟಿಕೆಟ್ ಎಲ್ಲಿ ಕೊಂಡಿರಿ? ಮೇಕ್‌ಮೈಟ್ರಿಪ್, ಕ್ಲಿಯರ್‌ಟ್ರಿಪ್‌ನಂಥ ಸೈಟಿನಲ್ಲೋ ಊರಿನ ಟ್ರಾವೆಲ್ ಏಜೆಂಟರ ಹತ್ತಿರವೋ ಕೊಂಡಿದ್ದರೆ, ರದ್ದು ಮಾಡುವುದು, ಹಣ ವಾಪಸ್ ಪಡೆಯುವುದು ಸಾಮಾನ್ಯವಾಗಿ ಅವರ ಮೂಲಕವೇ ಆಗಬೇಕು. ಇದು ತಿಳಿಯದೆ ವಿಮಾನ ಸಂಸ್ಥೆಗೆ ಕರೆ ಮಾಡುತ್ತಾರೆ. ಅವರು "ಏಜೆಂಟರನ್ನೇ ಕೇಳಿ" ಅನ್ನುತ್ತಾರೆ. ಬೇಸತ್ತು ಗೂಗಲ್‌ನಲ್ಲಿ ಇನ್ನೊಂದು ನಂಬರ್ ಹುಡುಕುತ್ತಾರೆ. ಆ ಸುಸ್ತಿನ ಹೊತ್ತಿಗೇ ಸುಳ್ಳು ನಂಬರ್ ಸಿಗುತ್ತದೆ. ಅಲ್ಲಿ ಫೋನ್ ಎತ್ತುವವನು ತಕ್ಷಣ ಎತ್ತುತ್ತಾನೆ, ಬಹಳ ಮರ್ಯಾದೆಯಿಂದ ಮಾತಾಡುತ್ತಾನೆ.

ಎಕ್ಸ್ ಅಥವಾ ಫೇಸ್‌ಬುಕ್‌ನಲ್ಲಿ ದೂರು ಹಾಕಿದರೂ ಹೀಗೇ ಆಗುತ್ತದೆ. ಕೆಲವೇ ನಿಮಿಷದಲ್ಲಿ "ನಿಮ್ಮ ನಂಬರ್ ಕಳಿಸಿ, ನಮ್ಮ ಅಧಿಕಾರಿ ಕರೆ ಮಾಡುತ್ತಾರೆ" ಎಂದು ಉತ್ತರ ಬರುತ್ತದೆ. ಉತ್ತರಿಸಿದ ಖಾತೆಯನ್ನು ಒತ್ತಿ, ಅದು ಎಷ್ಟು ಹಳೆಯದು, ಏನೇನು ಬರೆದಿದೆ ನೋಡಿ. ಎಕ್ಸ್‌ನಲ್ಲಿ ನೀಲಿ ಗುರುತನ್ನು ತಿಂಗಳ ಹಣ ಕಟ್ಟಿದವರು ಪಡೆಯಬಹುದು. ದೂರಿನಲ್ಲಿ ಪಿಎನ್‌ಆರ್ ಅಥವಾ ಫೋನ್ ನಂಬರನ್ನು ಎಲ್ಲರಿಗೂ ಕಾಣುವಂತೆ ಹಾಕಲೇಬೇಡಿ. ಪಿಎನ್‌ಆರ್ ಮತ್ತು ಕೊನೆಯ ಹೆಸರು ಇದ್ದರೆ ನಿಮ್ಮ ಬುಕಿಂಗ್ ಅನ್ನು ಬೇರೆಯವರು ತೆರೆಯಬಹುದು.

5. ಕರೆ ನಡೆಯುವಾಗ ಏನನ್ನು ಗಮನಿಸಬೇಕು

ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. ಧಾರವಾಡದ ದಂಪತಿ ಹುಬ್ಬಳ್ಳಿಯಿಂದ ದಿಲ್ಲಿಗೆ ಮೇ 14ಕ್ಕೆ ಎರಡು ಟಿಕೆಟ್ ಮಾಡಿಸಿದ್ದಾರೆ, ಒಟ್ಟು 13,600 ರೂಪಾಯಿ. ಮದುವೆ ಮುಂದಕ್ಕೆ ಹೋಯಿತು, ಟಿಕೆಟ್ ರದ್ದು ಮಾಡಬೇಕು. ಬೆಂಗಳೂರಿನಲ್ಲಿರುವ ಮಗ ಗೂಗಲ್‌ನಲ್ಲಿ ನಂಬರ್ ಹುಡುಕಿ ಕರೆ ಮಾಡುತ್ತಾನೆ.

ಆಚೆಯವನು ಪಿಎನ್‌ಆರ್ ಕೇಳುತ್ತಾನೆ. ಹೆಸರೂ ಕೇಳಿ, ಸಂಸ್ಥೆಯ ಅಸಲಿ ಸೈಟಿನಲ್ಲೇ ಅದನ್ನು ಹಾಕಿ ವಿಮಾನದ ಸಮಯ, ಸೀಟು ಎಲ್ಲ ಓದಿ ಹೇಳುತ್ತಾನೆ. ಮಗನಿಗೆ ನಂಬಿಕೆ ಬರುವುದು ಇಲ್ಲಿ. ಆದರೆ ಆ ಮಾಹಿತಿ ತೆರೆಯುವ ಕೀಲಿಯನ್ನು ಕೊಟ್ಟವನು ಮಗನೇ.

ಮುಂದೆ, "ಪೂರ್ತಿ 13,600 ವಾಪಸ್ ಬರುತ್ತೆ ಸರ್, ಆದರೆ ಹದಿನೈದು ನಿಮಿಷದೊಳಗೆ ಮಾಡಬೇಕು" ಅನ್ನುತ್ತಾನೆ. ಎರಡೂ ಅನುಮಾನದ ಮಾತುಗಳೇ. ರದ್ದತಿ ಶುಲ್ಕ ಕಳೆದು ಎಷ್ಟು ಬರುತ್ತದೆ ಎಂಬುದು ಟಿಕೆಟ್‌ನ ನಿಯಮದಲ್ಲಿ ಮೊದಲೇ ಬರೆದಿರುತ್ತದೆ. ಆಮೇಲೆ ಯುಪಿಐ ಆಪ್ ತೆರೆಯಲು ಹೇಳುತ್ತಾನೆ. "ನಾನೊಂದು ರಿಫಂಡ್ ಕೋಡ್ ಹೇಳ್ತೀನಿ, ಖಾಲಿ ಜಾಗದಲ್ಲಿ ಹಾಕಿ: ನಾಲ್ಕು, ಒಂಬತ್ತು, ಎಂಟು, ಒಂದು, ಎರಡು." ಆ ಖಾಲಿ ಜಾಗ ಮೊತ್ತದ ಜಾಗ. 49812 ಅನ್ನುವುದು ಕೋಡ್ ಅಲ್ಲ, ನಲವತ್ತೊಂಬತ್ತು ಸಾವಿರದ ಎಂಟುನೂರ ಹನ್ನೆರಡು ರೂಪಾಯಿ. ಪಿನ್ ಹಾಕಿದ ಕೂಡಲೇ ಹಣ ಹೊರಟುಹೋಗುತ್ತದೆ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಪಿನ್ ಕೇಳುವ ಪುಟ ಬಂತೆಂದರೆ ನಿಮ್ಮ ಹಣ ಹೋಗುತ್ತಿದೆ ಎಂದೇ ಅರ್ಥ.

ಮಗ ಇದಕ್ಕೆ ಒಪ್ಪದಿದ್ದರೆ ಬೇರೆ ದಾರಿ ಇದೆ. "ವಾಟ್ಸಾಪ್‌ಗೆ ರಿಫಂಡ್ ಫಾರ್ಮ್ ಕಳಿಸಿದ್ದೀನಿ" ಅನ್ನುತ್ತಾನೆ. ಬಂದದ್ದರ ಹೆಸರಿನ ಕೊನೆಗೆ `.apk` ಇರುತ್ತದೆ. ಅದು ಫಾರ್ಮ್ ಅಲ್ಲ, ಆಂಡ್ರಾಯ್ಡ್ ಫೋನಿಗೆ ಪ್ಲೇ ಸ್ಟೋರ್ ಹೊರಗಿನಿಂದ ಹಾಕುವ ಆಪ್. ಎಸ್ಎಂಎಸ್ ಓದುವ ಅನುಮತಿ ಪಡೆದುಕೊಂಡರೆ ಬ್ಯಾಂಕಿನ ಓಟಿಪಿಗಳನ್ನು ಅದೇ ಓದಿ ಆಚೆಗೆ ಕಳಿಸುತ್ತದೆ. ಎನಿಡೆಸ್ಕ್ ಹಾಕಿಕೊಳ್ಳಿ, ವಾಟ್ಸಾಪ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ ಅನ್ನುವುದೂ ಇದೇ ಉದ್ದೇಶಕ್ಕೆ. ನಿಮ್ಮ ಪರದೆ ಅವರಿಗೆ ಕಾಣಬೇಕು.

ಮಗ ಮಾಡಬೇಕಾದದ್ದು ಬಹಳ ಸರಳ. ಕರೆ ಕಟ್ ಮಾಡುವುದು. ಸಂಸ್ಥೆಯ ಸೈಟಿನಲ್ಲಿ ತಾನೇ ಬುಕಿಂಗ್ ತೆರೆದು ರದ್ದು ಮಾಡುವುದು. ನೇರವಾಗಿ ಕೊಂಡ ಟಿಕೆಟ್‌ನ ಹಣ ಸಾಮಾನ್ಯವಾಗಿ ಕಟ್ಟಿದ ದಾರಿಯಲ್ಲೇ, ಅದೇ ಕಾರ್ಡ್ ಅಥವಾ ಖಾತೆಗೆ, ವಾಪಸ್ ಬರುತ್ತದೆ. ಅದಕ್ಕೆ ಹೊಸದಾಗಿ ಕಾರ್ಡ್ ನಂಬರ್, ಓಟಿಪಿ, "ಪರೀಕ್ಷೆಗೆ ಹತ್ತು ರೂಪಾಯಿ" ಯಾವುದೂ ಬೇಡ.

6. ಪಾವತಿ ಪುಟದಲ್ಲಿ ಹಣ ಯಾರಿಗೆ ಎಂದು ಓದಿ

ಯುಪಿಐನಲ್ಲಿ ಪಿನ್ ಹಾಕುವ ಮುನ್ನ ಹಣ ಪಡೆಯುವವರ ಹೆಸರು ಕಾಣುತ್ತದೆ. ಅಲ್ಲಿ ವಿಮಾನ ಸಂಸ್ಥೆಯ, ಬುಕಿಂಗ್ ಕಂಪನಿಯ ಅಥವಾ ಅವರು ಬಳಸುವ ಪಾವತಿ ಕಂಪನಿಯ ಹೆಸರು ಇರಬೇಕು. ಯಾವುದೋ ವ್ಯಕ್ತಿಯ ಹೆಸರು, ಸಂಬಂಧವೇ ಇಲ್ಲದ ಅಂಗಡಿಯ ಹೆಸರು ಇದ್ದರೆ ನಿಲ್ಲಿಸಿ. "ಅದು ನಮ್ಮ ಅಕೌಂಟೆಂಟ್ ಹೆಸರು ಮೇಡಂ" ಎಂಬ ಉತ್ತರವನ್ನು ಒಪ್ಪಬೇಡಿ. ಊರಿನ ಪರಿಚಯದ ಏಜೆಂಟರಿಗೆ ಅವರ ಸ್ವಂತ ಹೆಸರಿನ ಖಾತೆ ಇರಬಹುದು, ಅದು ಬೇರೆ ಮಾತು. ಅಂಗಡಿಗೆ ಹೋಗಿ ಕೊಟ್ಟು ರಸೀದಿ ಪಡೆಯಿರಿ.

ಸಾಧ್ಯವಿದ್ದರೆ ಕ್ರೆಡಿಟ್ ಕಾರ್ಡ್ ಬಳಸಿ. ಸೇವೆ ಸಿಗದಿದ್ದರೆ ಬ್ಯಾಂಕಿನಲ್ಲಿ ತಕರಾರು ಎತ್ತಿ ಹಣ ವಾಪಸ್ ಕೇಳುವ ವ್ಯವಸ್ಥೆ ಅದಕ್ಕೆ ಇದೆ, ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ನೀವೇ ಪಿನ್ ಹಾಕಿ ಕಳಿಸಿದ ಯುಪಿಐ ಹಣವನ್ನು ವಾಪಸ್ ತರುವುದು ಅದಕ್ಕಿಂತ ಬಹಳ ಕಷ್ಟ.

7. ಪಿಎನ್‌ಆರ್ ಬಂದರೆ ಟಿಕೆಟ್ ಬಂದಂತಲ್ಲ

ವಾಟ್ಸಾಪ್ ಏಜೆಂಟರು ನಂಬಿಕೆ ಬರಲಿ ಎಂದು ಹಣಕ್ಕೆ ಮುಂಚೆಯೇ ಪಿಎನ್‌ಆರ್ ಕಳಿಸುತ್ತಾರೆ. ಸೈಟಿನಲ್ಲಿ ಹಾಕಿದರೆ ನಿಮ್ಮ ಹೆಸರು ನಿಜವಾಗಿಯೂ ಕಾಣುತ್ತದೆ. ಆದರೆ ಅದು ಹೋಲ್ಡ್ ಬುಕಿಂಗ್ ಇರಬಹುದು. ಅಂದರೆ ಸೀಟು ಹಿಡಿದಿಟ್ಟಿದ್ದಾರೆ, ಸಂಸ್ಥೆಗೆ ಹಣ ಕಟ್ಟಿಲ್ಲ. ನೀವು ಹಣ ಕಳಿಸಿದ ಮೇಲೆ ಗಡುವು ಮುಗಿದು ಬುಕಿಂಗ್ ತಾನಾಗಿ ಬಿದ್ದುಹೋಗುತ್ತದೆ.

ಹಾಗಾಗಿ ಬುಕಿಂಗ್ ಪುಟದಲ್ಲಿ ಸ್ಥಿತಿ `Confirmed` ಎಂದಿದೆಯಾ, ಇನ್ನೂ ಕಟ್ಟಬೇಕಾದ ಹಣ ತೋರಿಸುತ್ತಿದೆಯಾ ನೋಡಿ. ಏರ್ ಇಂಡಿಯಾ ಮತ್ತು ಹೆಚ್ಚಿನ ವಿದೇಶಿ ಸಂಸ್ಥೆಗಳು ಪಿಎನ್‌ಆರ್ ಜೊತೆಗೆ 13 ಅಂಕಿಯ ಇ-ಟಿಕೆಟ್ ಸಂಖ್ಯೆ ಕೊಡುತ್ತವೆ. ಏರ್ ಇಂಡಿಯಾದ್ದು 098 ಎಂದು ಶುರುವಾಗುತ್ತದೆ. ಆ ಸಂಖ್ಯೆ ಇಲ್ಲ ಅಂದರೆ ಟಿಕೆಟ್ ಇನ್ನೂ ಆಗಿಲ್ಲ. ಅಮೆರಿಕ, ಕೊಲ್ಲಿ ದೇಶಗಳಿಂದ ಊರಿಗೆ ಬರುವವರು ಏಜೆಂಟರ ಮೂಲಕ ದೊಡ್ಡ ಮೊತ್ತದ ಟಿಕೆಟ್ ಕೊಳ್ಳುವಾಗ ಇದನ್ನು ಕೇಳಿ ಪಡೆಯಲೇಬೇಕು. ಮಾರನೇ ದಿನ ಇನ್ನೊಮ್ಮೆ, ಹೊರಡುವ ವಾರದಲ್ಲಿ ಮತ್ತೊಮ್ಮೆ ಬುಕಿಂಗ್ ತೆರೆದು ನೋಡಿ. ಟಿಕೆಟ್ ಮಾಡಿ, ನಿಮಗೆ ಪಿಡಿಎಫ್ ಕಳಿಸಿ, ಆಮೇಲೆ ರದ್ದು ಮಾಡಿ ಹಣ ಹೊಡೆಯುವವರಿದ್ದಾರೆ. ಪಿಡಿಎಫ್ ಮಾತ್ರ ನಿಮ್ಮ ಹತ್ತಿರ ಹಾಗೇ ಉಳಿದಿರುತ್ತದೆ.

8. ಹಣ ಆಗಲೇ ಹೋಗಿದ್ದರೆ

ಮೊದಲು 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಹಣ ಮೋಸಗಾರರ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ಸಾಗುತ್ತದೆ. ದೂರು ಬೇಗ ದಾಖಲಾದರೆ ನಡುವೆ ಎಲ್ಲಾದರೂ ತಡೆಹಿಡಿಯಬಹುದು. ಹಣ ಹೋದ ಸಮಯ, ಮೊತ್ತ, ವಹಿವಾಟಿನ ಯುಟಿಆರ್ ಸಂಖ್ಯೆ ಸಿದ್ಧವಿರಲಿ. ಯುಟಿಆರ್ ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ, ಯುಪಿಐ ಆಪ್‌ನ ವಿವರಗಳಲ್ಲಿ ಸಿಗುತ್ತದೆ. ಜೊತೆಗೆ `cybercrime.gov.in` ಸೈಟಿನಲ್ಲಿ ದೂರು ದಾಖಲಿಸಿ.

ಅದೇ ಹೊತ್ತಿಗೆ ಮನೆಯ ಇನ್ನೊಬ್ಬರು ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ ನಿಲ್ಲಿಸಲಿ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಭಾಗದಿಂದ ತೆಗೆದುಕೊಳ್ಳಿ, ಅದನ್ನೂ ಗೂಗಲ್‌ನಲ್ಲಿ ಹುಡುಕಬೇಡಿ. ಆಪ್ ಹಾಕಿಕೊಂಡಿದ್ದರೆ ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಆಫ್ ಮಾಡಿ. 1930ಕ್ಕೂ ಬೇರೆ ಫೋನಿನಿಂದಲೇ ಮಾಡಿ. ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಿಸುವುದೂ ಇನ್ನೊಂದು ಸಾಧನದಲ್ಲೇ ಆಗಬೇಕು. ಚಾಟ್, ಕರೆಗಳ ಪಟ್ಟಿ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಜಿಲ್ಲೆಯ ಸಿಇಎನ್ ಠಾಣೆಯಲ್ಲಿ, ಅಂದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಯಲ್ಲಿ, ದೂರು ಕೊಡುವಾಗ ಅವು ಬೇಕಾಗುತ್ತವೆ.

ಹಣ ಹೋಗುವ ಮುನ್ನವೇ ಎಚ್ಚೆತ್ತುಕೊಂಡಿದ್ದರೂ ಆ ನಂಬರನ್ನು ಹಾಗೇ ಬಿಡಬೇಡಿ. `sancharsaathi.gov.in` ಸೈಟಿನ ಚಕ್ಷು ವಿಭಾಗದಲ್ಲಿ ಅನುಮಾನದ ಕರೆ, ಸಂದೇಶಗಳನ್ನು ವರದಿ ಮಾಡಬಹುದು. ಇನ್ನು, ದೂರು ಕೊಟ್ಟ ಕೆಲವು ದಿನಗಳಲ್ಲಿ "ನಿಮ್ಮ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಶುಲ್ಕ ಕಟ್ಟಿ" ಎಂದು ಯಾರಾದರೂ ಕರೆ ಮಾಡಿದರೆ, ಅವರು ಪೊಲೀಸ್ ಎಂದರೂ ವಕೀಲ ಎಂದರೂ ಒಂದು ರೂಪಾಯಿ ಕೊಡಬೇಡಿ. ಆ ಕರೆಯ ನಂಬರನ್ನೂ ನಿಮ್ಮ ದೂರಿಗೆ ಸೇರಿಸಿ.